ಒಂದೇ ಎದೆಗೆ ನಾಲ್ಕು ಎಕ್ಸ್-ರೇ ಏಕೆ?

“ಡಾಕ್ಟ್ರೇ, ಹಾವು ಕಚ್ಚಿದ್ದು ಕೈಬೆರಳಿಗೆ. ದೊಡ್ಡಾಸ್ಪತ್ರೆಯವರು ಎದೆಗೆ ನಾಲ್ಕು ಸಲ ಫೋಟೋ ಹೊಡೆದಿದ್ದಾರೆ. ಒಂದು ಸಲ ನೋಡಿದ ಮೇಲೆ ಮತ್ತೆ ಮತ್ತೆ ನೋಡೋಕೆ ಅಲ್ಲೇನಿದೆ?”

ರಂಗಪ್ಪ ನನ್ನ ಮೇಜಿನ ಮೇಲೆ ಹಳದಿ ಲಕೋಟೆ ಇಟ್ಟು ಹೀಗೆ ಕೇಳಿದಾಗ ಅವರ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅನುಮಾನವಿತ್ತು. ಅವರ ತಮ್ಮ ಮಂಜಣ್ಣ (ಇಬ್ಬರ ಹೆಸರನ್ನೂ ಬದಲಿಸಿದ್ದೇನೆ) ಮೂವತ್ತೆರಡು ವರ್ಷದ ರೈತ. ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ ಕೃತಕ ಉಸಿರಾಟದ ಯಂತ್ರದ ಮೇಲಿದ್ದು ಬದುಕಿ ಬಂದಿದ್ದ. ಬಿಲ್ಲಿನಲ್ಲಿ ಅಣ್ಣನ ಕಣ್ಣಿಗೆ ಮೊದಲು ಬಿದ್ದದ್ದು ಆ ನಾಲ್ಕು ಎಕ್ಸ್-ರೇಗಳು.

ಪ್ರಶ್ನೆ ನ್ಯಾಯವಾದದ್ದೇ. ನಿಗಾ ಘಟಕದಲ್ಲಿ ನಿಮ್ಮವರೊಬ್ಬರು ಮಲಗಿದ್ದರೆ ನೀವೂ ಇದನ್ನೇ ಕೇಳುತ್ತೀರಿ. ಅಲ್ಲಿ ತೆಗೆಯುವ ಎದೆಯ ಎಕ್ಸ್-ರೇ ಕಾಯಿಲೆಯನ್ನು ಹುಡುಕುವುದಕ್ಕಷ್ಟೇ ಅಲ್ಲ. ನಾವು ವೈದ್ಯರು ರೋಗಿಯ ದೇಹದೊಳಕ್ಕೆ ತೂರಿಸಿದ ನಳಿಕೆಗಳ ತುದಿ ಎಲ್ಲಿ ನಿಂತಿದೆ ಎಂದು ನೋಡುವುದಕ್ಕೆ, ಅಂದರೆ ನಮ್ಮದೇ ಕೆಲಸವನ್ನು ನಾವೇ ಪರೀಕ್ಷಿಸಿಕೊಳ್ಳುವುದಕ್ಕೆ, ಅದು ಬಹಳ ಸಲ ಬೇಕಾಗುತ್ತದೆ. ಲಕೋಟೆಯಲ್ಲಿದ್ದ ಮೊದಲ ಫಿಲ್ಮಿನಲ್ಲಿ ಕಂಡ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಹಾಗಾಗಿ ಉತ್ತರ ಹೇಳುವ ಹೊಣೆಯೂ ನನ್ನದೇ ಆಗಿತ್ತು.

ಆ ರಾತ್ರಿ ನಡೆದದ್ದು

ಮಂಜಣ್ಣನನ್ನು ಕಚ್ಚಿದ್ದು ಕಟ್ಟುಹಾವು. ನೆಲದ ಮೇಲೆ ಮಲಗಿದ್ದವನಿಗೆ ರಾತ್ರಿ ಕಚ್ಚಿದ್ದು ತಿಳಿದೇ ಇರಲಿಲ್ಲ. ನಸುಕಿನಲ್ಲಿ ಹೊಟ್ಟೆನೋವು ಬಂತು, ಆಮೇಲೆ ರೆಪ್ಪೆಗಳು ಇಳಿಬಿದ್ದವು, ಜೊಲ್ಲು ನುಂಗಲಾಗಲಿಲ್ಲ. ಈ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷದ ಹತ್ತು ವಯಲ್ ಕೊಟ್ಟೆವು. ಆದರೂ ಉಸಿರು ಕ್ಷೀಣಿಸಿದಾಗ ಅರಿವಳಿಕೆ ತಜ್ಞರು ಬಾಯಿಯ ಮೂಲಕ ಶ್ವಾಸನಾಳಕ್ಕೆ ನಳಿಕೆ ಹಾಕಿದರು.

ಆ ನಳಿಕೆಯ ಮೈಮೇಲೆ ಅಳತೆಪಟ್ಟಿಯ ಹಾಗೆ ಸೆಂಟಿಮೀಟರ್ ಗುರುತುಗಳಿರುತ್ತವೆ. ಒಳಗಿನ ತುದಿಯಿಂದ ಲೆಕ್ಕ ಹಾಕಿದ ಗುರುತುಗಳವು. ಮಂಜಣ್ಣನ ಮುಂಹಲ್ಲಿನ ಬಳಿ 22 ಎಂಬ ಅಂಕಿ ಬರುವಂತೆ ನಳಿಕೆಯನ್ನು ಪ್ಲಾಸ್ಟರಿನಿಂದ ಅಂಟಿಸಿ, ನನ್ನನ್ನು ಜೊತೆಗೆ ಕಳಿಸಿದರು. ಎಪ್ಪತ್ತು ಕಿಲೋಮೀಟರ್ ದಾರಿ. ಉದ್ದಕ್ಕೂ ನಾನು ಆಂಬು ಬ್ಯಾಗ್ ಒತ್ತುತ್ತಾ ಉಸಿರು ಕೊಡುತ್ತಾ ಕುಳಿತಿದ್ದೆ. ಬಾಯಿಂದ ಸುರಿಯುತ್ತಿದ್ದ ಜೊಲ್ಲಿಗೆ ಪ್ಲಾಸ್ಟರ್ ಒದ್ದೆಯಾಗಿ ಸಡಿಲವಾಗುತ್ತಿತ್ತು. ತಮ್ಮನ ತಲೆ ಕುಲುಕುವುದನ್ನು ನೋಡಲಾರದೆ ರಂಗಪ್ಪ ತಮ್ಮ ಕಂಬಳಿಯನ್ನು ಮಡಿಚಿ ತಲೆಯಡಿ ಇಟ್ಟರು. ನಾನು ಬೇಡವೆನ್ನಲಿಲ್ಲ. ಇಷ್ಟು ಹೊತ್ತೂ ಆ 22ರ ಗುರುತನ್ನು ಮತ್ತೊಮ್ಮೆ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಆಸ್ಪತ್ರೆ ಮುಟ್ಟಿದಾಗ ರಕ್ತದ ಆಮ್ಲಜನಕದ ಪ್ರಮಾಣ 98ರಿಂದ 86ಕ್ಕೆ ಇಳಿದಿತ್ತು. ಎಡ ಎದೆಯಲ್ಲಿ ಉಸಿರಿನ ಸದ್ದು ಕಡಿಮೆ. ಹಾಸಿಗೆಯ ಪಕ್ಕಕ್ಕೇ ಯಂತ್ರ ತಂದು ತೆಗೆದದ್ದು ಮೊದಲ ಎಕ್ಸ್-ರೇ.

ಮೊದಲ ಫಿಲ್ಮು: ಬೆಳ್ಳಗಾದ ಎಡ ಎದೆ

ನಮ್ಮ ಶ್ವಾಸನಾಳ ಕುತ್ತಿಗೆಯಿಂದ ಎದೆಯೊಳಕ್ಕೆ ಇಳಿದು ಎರಡಾಗಿ ಕವಲೊಡೆಯುತ್ತದೆ. ವೈದ್ಯರು ‘ಕರೈನಾ’ ಎಂದು ಕರೆಯುವ ಈ ಕವಲೇ ಎಕ್ಸ್-ರೇಯಲ್ಲಿ ನಮಗೆ ಮೈಲಿಗಲ್ಲು. ದೊಡ್ಡವರಲ್ಲಿ ಉಸಿರಿನ ನಳಿಕೆಯ ತುದಿ ಈ ಕವಲಿಗಿಂತ ಸುಮಾರು 3ರಿಂದ 5 ಸೆಂ.ಮೀ. ಮೇಲೆ ನಿಂತಿರಬೇಕು. ಆಗ ಎರಡೂ ಶ್ವಾಸಕೋಶಗಳಿಗೆ ಗಾಳಿ ಹಂಚಿಕೆಯಾಗುತ್ತದೆ. ನಳಿಕೆಯ ಉದ್ದಕ್ಕೂ ಎಕ್ಸ್-ರೇಯಲ್ಲಿ ಬಿಳಿಯಾಗಿ ಕಾಣುವ ಒಂದು ಗೆರೆಯನ್ನು ಹಾಕಿಯೇ ತಯಾರಿಸಿರುತ್ತಾರೆ. ಆ ಗೆರೆ ಮುಗಿಯುವ ಜಾಗವೇ ತುದಿ.

ತುದಿ ತೀರಾ ಮೇಲಿದ್ದರೆ ನಳಿಕೆ ಗಂಟಲಿನಿಂದ ಹೊರಜಾರುವ ಅಪಾಯ. ತೀರಾ ಕೆಳಗಿಳಿದರೆ ಅದು ಒಂದು ಕವಲಿನೊಳಕ್ಕೆ ಹೊಕ್ಕುಬಿಡುತ್ತದೆ. ಸಾಮಾನ್ಯವಾಗಿ ಹೊಕ್ಕುವುದು ಬಲಗವಲಿಗೆ. ಏಕೆಂದರೆ ಬಲಗವಲು ಹೆಚ್ಚು ಅಗಲ, ಹೆಚ್ಚು ನೇರ. ಕಡಲೆಬೀಜ ಗಂಟಲಿಗೆ ಹೋದ ಮಗುವಿನಲ್ಲೂ ಅದು ಬಲಗಡೆಗೆ ಹೋಗುವುದೇ ಹೆಚ್ಚು. ಕಾರಣ ಅದೇ.

ಮಂಜಣ್ಣನಲ್ಲಿ ಆಗಿದ್ದೂ ಇದೇ. ಹಲ್ಲಿನ ಬಳಿ ಈಗ 22ರ ಬದಲು 26 ಇತ್ತು. ಅಂದರೆ ನಳಿಕೆ 4 ಸೆಂ.ಮೀ. ಒಳಕ್ಕೆ ಜಾರಿತ್ತು. ಕವಲಿಗಿಂತ 4 ಸೆಂ.ಮೀ. ಮೇಲಿರಬೇಕಿದ್ದ ತುದಿ ಇದರಿಂದ ಕವಲನ್ನು ಮುಟ್ಟುವ ಹಾಗಾಯಿತು. ಆದರೆ ಫಿಲ್ಮಿನಲ್ಲಿ ತುದಿ ಇನ್ನೂ 2 ಸೆಂ.ಮೀ. ಮುಂದೆ, ಬಲಗವಲಿನ ಒಳಗಿತ್ತು. ಉಳಿದ ಆ 2 ಸೆಂ.ಮೀ. ಎಲ್ಲಿಂದ ಬಂತು?

ಉತ್ತರ ಫಿಲ್ಮಿನ ಮೇಲ್ತುದಿಯಲ್ಲೇ ಇತ್ತು. ಅಲ್ಲಿ ಗದ್ದದ ಮೂಳೆಯ ನೆರಳು ಎದೆಯ ಕಡೆಗೆ ಬಾಗಿ ಬಿದ್ದಿತ್ತು. ಕುತ್ತಿಗೆ ಮುಂದಕ್ಕೆ ಬಾಗಿದರೆ ನಳಿಕೆಯ ತುದಿ ಸುಮಾರು 2 ಸೆಂ.ಮೀ. ಕೆಳಗಿಳಿಯುತ್ತದೆ, ಹಿಂದಕ್ಕೆ ಚಾಚಿದರೆ ಅಷ್ಟೇ ಮೇಲೇರುತ್ತದೆ. ಹಲ್ಲಿನ ಬಳಿಯ ಅಂಕಿ ಬದಲಾಗದೆಯೂ ಹೀಗಾಗುತ್ತದೆ. ಮಡಿಚಿದ ಕಂಬಳಿ ಮಂಜಣ್ಣನ ಕುತ್ತಿಗೆಯನ್ನು ಬಾಗಿಸಿತ್ತು. ಸಡಿಲವಾದ ಪ್ಲಾಸ್ಟರಿನಿಂದ 4, ಕಂಬಳಿಯಿಂದ 2, ಒಟ್ಟು 6 ಸೆಂ.ಮೀ.

ಗಾಳಿಯೆಲ್ಲ ಬಲ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಹೊಸ ಗಾಳಿ ಬಾರದ ಎಡ ಶ್ವಾಸಕೋಶದಲ್ಲಿ ಉಳಿದಿದ್ದ ಗಾಳಿಯನ್ನು ರಕ್ತ ಹೀರಿಕೊಂಡು, ಅದು ಗಾಳಿ ಹೋದ ಬಲೂನಿನಂತೆ ಕುಸಿದಿತ್ತು. ನಾವು ಆಂಬು ಬ್ಯಾಗಿಗೆ ಹೆಚ್ಚಿನ ಆಮ್ಲಜನಕ ಸೇರಿಸಿ ಕೊಡುತ್ತಿದ್ದುದರಿಂದ ಕುಸಿತ ಇನ್ನೂ ಬೇಗ ಆಗಿರಬೇಕು. ಸಾಮಾನ್ಯ ಗಾಳಿಯ ಬಹುಪಾಲಾದ ಸಾರಜನಕವನ್ನು ರಕ್ತ ನಿಧಾನವಾಗಿ ಹೀರುತ್ತದೆ, ಆಮ್ಲಜನಕವನ್ನಾದರೆ ಬೇಗ ಹೀರಿಬಿಡುತ್ತದೆ. ಎಕ್ಸ್-ರೇಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿ ಕಾಣುತ್ತದೆ, ಕುಸಿದದ್ದು ಬೆಳ್ಳಗೆ. ಮಂಜಣ್ಣನ ಎಡ ಎದೆ ಪೂರ್ತಿ ಬೆಳ್ಳಗಿತ್ತು.

ಇಲ್ಲೇ ಇನ್ನೊಂದು ಅನಾಹುತ ಆಗುವುದರಲ್ಲಿತ್ತು. ಎದೆಯಲ್ಲಿ ನೀರು ಅಥವಾ ರಕ್ತ ತುಂಬಿದರೂ ಆ ಭಾಗ ಬೆಳ್ಳಗೇ ಕಾಣುತ್ತದೆ. ಕರ್ತವ್ಯದಲ್ಲಿದ್ದ ಯುವ ವೈದ್ಯರು ನೀರು ತುಂಬಿದೆಯೆಂದು ತಿಳಿದು, ತೆಗೆಯಲು ದೊಡ್ಡ ಸೂಜಿ ತರಿಸಿದರು. ಅಷ್ಟರಲ್ಲಿ ಬಂದ ಹಿರಿಯ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, “ಹೃದಯ ಯಾವ ಕಡೆಗೆ ಸರಿದಿದೆ ನೋಡಪ್ಪ” ಎಂದರು. ಹೃದಯ ಎಡಕ್ಕೆ, ಬೆಳ್ಳಗಿದ್ದ ಕಡೆಗೇ ಸರಿದಿತ್ತು. ಎಡಗಡೆಯ ವಪೆಯೂ ಮೇಲಕ್ಕೇರಿತ್ತು. ಎದೆಯಲ್ಲಿ ನೀರು ತುಂಬಿದ್ದರೆ ಅದು ಹೃದಯವನ್ನು ಆಚೆಗೆ ತಳ್ಳಬೇಕಿತ್ತು. ಕುಸಿದ ಶ್ವಾಸಕೋಶವಾದರೆ ಖಾಲಿಯಾದ ಜಾಗಕ್ಕೆ ಹೃದಯವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆಮೇಲೆ ಅವರು ನಳಿಕೆಯ ತುದಿಯನ್ನು ಬೆರಳಿನಿಂದ ತೋರಿಸಿದರು. ಸೂಜಿ ವಾಪಸು ಹೋಯಿತು. ಚುಚ್ಚಿದ್ದರೆ ಶ್ವಾಸಕೋಶಕ್ಕೆ ತೂತು ಬಿದ್ದು, ಯಂತ್ರದ ಒತ್ತಡಕ್ಕೆ ಗಾಳಿ ಎದೆಗೂಡಿನೊಳಕ್ಕೆ ನುಗ್ಗಬಹುದಿತ್ತು.

ಚಿಕಿತ್ಸೆ ಕೆಲವೇ ನಿಮಿಷಗಳದ್ದು. ಬಾಯಿಯ ಜೊಲ್ಲನ್ನು ಹೀರಿ ತೆಗೆದರು. ನಳಿಕೆಯ ಸುತ್ತಲಿನ ಪುಟ್ಟ ಬಲೂನಿನ ಗಾಳಿ ಇಳಿಸಿ, 22ರ ಗುರುತಿನವರೆಗೆ ನಳಿಕೆಯನ್ನು ಹಿಂದಕ್ಕೆಳೆದು, ಬಲೂನನ್ನು ಮತ್ತೆ ಉಬ್ಬಿಸಿ, ಒಣ ಪಟ್ಟಿಯಿಂದ ಕಟ್ಟಿದರು. ಕಂಬಳಿ ತೆಗೆದು ಕುತ್ತಿಗೆಯನ್ನು ನೇರ ಮಾಡಿದರು. ಅರ್ಧ ಗಂಟೆಯಲ್ಲಿ ಆಮ್ಲಜನಕ 96ಕ್ಕೆ ಏರಿತು.

ಎಕ್ಸ್-ರೇ ಹೇಳಲಾರದ್ದು

ಇಲ್ಲಿ ಒಂದು ಮಾತು. ನಳಿಕೆ ಶ್ವಾಸನಾಳಕ್ಕೆ ಹೋಗಿದೆಯೋ, ಪಕ್ಕದ ಅನ್ನನಾಳಕ್ಕೆ ಹೋಗಿದೆಯೋ ಎಂದು ತಿಳಿಯಲು ಯಾರೂ ಎಕ್ಸ್-ರೇಗಾಗಿ ಕಾಯಬಾರದು. ಅನ್ನನಾಳ ಶ್ವಾಸನಾಳದ ಹಿಂದೆಯೇ ಇರುವುದರಿಂದ ಮುಂದಿನಿಂದ ತೆಗೆದ ಚಿತ್ರದಲ್ಲಿ ಎರಡೂ ಒಂದರ ಮೇಲೊಂದು ಬೀಳುತ್ತವೆ. ಮಿಗಿಲಾಗಿ ಫಿಲ್ಮು ಬರುವಷ್ಟರಲ್ಲಿ ರೋಗಿಯ ಪ್ರಾಣವೇ ಹೋಗಬಹುದು. ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫ್ ಎಂಬ ಉಪಕರಣ ಇದನ್ನು ಕೆಲವೇ ಉಸಿರುಗಳಲ್ಲಿ ಹೇಳುತ್ತದೆ.

ಆದರೆ ಅದೇ ಉಪಕರಣ ನಳಿಕೆ ಬಲಗವಲಿಗೆ ಜಾರಿದಾಗ ಸುಮ್ಮನಿದ್ದುಬಿಡಬಹುದು. ಒಂದು ಶ್ವಾಸಕೋಶದಿಂದ ಬಂದ ಉಸಿರಿಗೂ ಅಲೆ ಮೂಡುತ್ತದೆ. ಸ್ಟೆತೊಸ್ಕೋಪು ಕೂಡ ಮೋಸ ಮಾಡುತ್ತದೆ. ಒಂದು ಕಡೆಯ ಸದ್ದು ಎದೆಯ ಇನ್ನೊಂದು ಕಡೆಗೂ ಹರಡಿ ಕೇಳಿಸುವುದುಂಟು. ಓಡುವ ಆಂಬುಲೆನ್ಸಿನಲ್ಲಂತೂ ನನಗೆ ಏನೂ ಕೇಳಿಸಲಿಲ್ಲ. ನಳಿಕೆ ಸರಿಯಾದ ದಾರಿಯಲ್ಲಿದೆ ಎಂಬುದಕ್ಕೆ ಕ್ಯಾಪ್ನೋಗ್ರಾಫ್, ಎಷ್ಟು ದೂರ ಹೋಗಿದೆ ಎಂಬುದಕ್ಕೆ ಎಕ್ಸ್-ರೇ. ಒಂದರ ಕೆಲಸ ಇನ್ನೊಂದಕ್ಕೆ ಆಗದು.

ಎರಡನೆಯ ಫಿಲ್ಮು: ಹಾಲು ಹಾಕುವ ಮೊದಲು

ಅದೇ ಸಂಜೆ ಎರಡನೆಯ ಎಕ್ಸ್-ರೇ ತೆಗೆದರು. ಉಸಿರಿನ ನಳಿಕೆಯ ತುದಿ ಕವಲಿಗಿಂತ 4 ಸೆಂ.ಮೀ. ಮೇಲಿತ್ತು. ಎಡ ಶ್ವಾಸಕೋಶ ಬಹುಮಟ್ಟಿಗೆ ಬಿಚ್ಚಿಕೊಂಡು ಕಪ್ಪಾಗಿತ್ತು, ಹೃದಯ ತನ್ನ ಜಾಗಕ್ಕೆ ಮರಳಿತ್ತು.

ಈ ಫಿಲ್ಮಿಗೆ ಇನ್ನೊಂದು ಕೆಲಸವೂ ಇತ್ತು. ನುಂಗಲಾರದ ಮಂಜಣ್ಣನಿಗೆ ಗಂಜಿ, ಹಾಲು ಕೊಡಲು ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಕೆ ಹಾಕಿದ್ದರು. ಎಚ್ಚರವಿರುವವರಲ್ಲಿ ಅದು ತಪ್ಪಿ ಶ್ವಾಸನಾಳಕ್ಕೆ ಹೋದರೆ ಸಾಮಾನ್ಯವಾಗಿ ಕೆಮ್ಮು ಬರುತ್ತದೆ. ಸ್ನಾಯುಗಳೇ ಸೋತವನಿಗೆ ಕೆಮ್ಮಲಾಗದು. ನಳಿಕೆಗೆ ಗಾಳಿ ಊದಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬುವಂತಿಲ್ಲ. ಶ್ವಾಸಕೋಶದಲ್ಲಿ ಊದಿದ ಗಾಳಿಯೂ ಹೊಟ್ಟೆಯ ಮೇಲೆ ಕೇಳಿಸಬಹುದು. ಆದ್ದರಿಂದ ಫಿಲ್ಮಿನಲ್ಲಿ ಆ ಗೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಿನಿಂದ ಹಿಂಬಾಲಿಸಬೇಕು. ಅದು ಶ್ವಾಸನಾಳದ ಯಾವ ಕವಲಿನ ಕಡೆಗೂ ತಿರುಗದೆ, ನಡುವಿನಲ್ಲೇ ಇಳಿದು, ವಪೆಯನ್ನು ದಾಟಿ ಎಡಕ್ಕೆ ಹೊರಳಿ ಹೊಟ್ಟೆಯಲ್ಲಿ ಮುಗಿಯಬೇಕು. ಮಂಜಣ್ಣನಲ್ಲಿ ಹಾಗೆಯೇ ಇತ್ತು. ಅದನ್ನು ನೋಡಿದ ಮೇಲೆಯೇ ಮೊದಲ ಲೋಟ ಹಾಲು ಒಳಗೆ ಹೋಯಿತು.

ಮೂರನೆಯ ಫಿಲ್ಮು: ತಲೆಯ ಕಡೆ ತಿರುಗಿದ ನಳಿಕೆ

ನಾಲ್ಕನೆಯ ದಿನ ಮಂಜಣ್ಣನಿಗೆ ಜ್ವರ ಬಂದು, ನ್ಯುಮೋನಿಯಾ ಆಗಿ, ರಕ್ತದೊತ್ತಡ ಕುಸಿಯಿತು. ಒತ್ತಡ ಏರಿಸಲು ನಾರ್‌ಅಡ್ರಿನಲಿನ್ ಎಂಬ ಔಷಧ ಬೇಕಾಯಿತು. ಅದು ರಕ್ತನಾಳಗಳನ್ನು ಬಿಗಿಯುವ ಔಷಧ. ಕೈಯ ಸಣ್ಣ ರಕ್ತನಾಳದ ಮೂಲಕ ಸ್ವಲ್ಪ ಹೊತ್ತು ಎಚ್ಚರದಿಂದ ಕೊಡಬಹುದಾದರೂ, ಸೋರಿದರೆ ಅಲ್ಲಿನ ಚರ್ಮ, ಮಾಂಸ ಸಾಯಬಹುದು. ಹೆಚ್ಚು ಕಾಲ ಕೊಡಬೇಕಾದಾಗ, ಅದು ಬೇಗನೆ ಬೆರೆತುಹೋಗುವಂತೆ, ದೊಡ್ಡ ರಕ್ತನಾಳಕ್ಕೇ ಬಿಡುವುದು ಕ್ಷೇಮ. ಇದಕ್ಕಾಗಿ ಹಾಕುವ ಉದ್ದನೆಯ ತೆಳು ನಳಿಕೆಯೇ ‘ಸೆಂಟ್ರಲ್ ಲೈನ್’.

ತಲೆ ಮತ್ತು ಕೈಗಳ ರಕ್ತವನ್ನೆಲ್ಲ ಹೃದಯಕ್ಕೆ ತರುವ ಮಹಾಸಿರೆಯೊಂದು ಎದೆಯಲ್ಲಿ ಶ್ವಾಸನಾಳದ ಬಲಕ್ಕಿದೆ. ಸೆಂಟ್ರಲ್ ಲೈನಿನ ತುದಿ ಅದರ ಕೆಳಭಾಗದಲ್ಲಿ, ಹೃದಯದ ಬಾಗಿಲ ಬಳಿ ನಿಲ್ಲಬೇಕು. ಎಕ್ಸ್-ರೇಯಲ್ಲಿ ಮಹಾಸಿರೆ ತಾನೇ ಸ್ಪಷ್ಟವಾಗಿ ಕಾಣದು. ಆಗಲೂ ನಮಗೆ ದಾರಿ ತೋರುವುದು ಆ ಹಳೆಯ ಮೈಲಿಗಲ್ಲು, ಶ್ವಾಸನಾಳದ ಕವಲು. ತುದಿ ಕವಲಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿದ್ದರೆ ಸರಿ. ತೀರಾ ಕೆಳಗೆ ಹೃದಯದೊಳಕ್ಕೆ ಇಳಿದರೆ ಬಡಿತ ತಪ್ಪಬಹುದು. ಅಪರೂಪಕ್ಕೆ ಹೃದಯದ ಗೋಡೆಗೇ ಗಾಯವಾಗುವುದುಂಟು.

ಸಾಮಾನ್ಯವಾಗಿ ಈ ಲೈನನ್ನು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಬಲ ಕುತ್ತಿಗೆಯಿಂದ ಹಾಕುತ್ತಾರೆ. ಮಂಜಣ್ಣನ ಕುತ್ತಿಗೆ ಸದಾ ಜೊಲ್ಲಿನಿಂದ ಒದ್ದೆಯಾಗುತ್ತಿದ್ದುದರಿಂದ ಸೋಂಕಿನ ಭಯವಿತ್ತು. ಹಾಗಾಗಿ ಬಲಗಡೆಯ ಕಾಲರ್ ಮೂಳೆಯ ಕೆಳಗಿನಿಂದ ಹಾಕಿದರು. ಲೈನು ಸಲೀಸಾಗಿ ಹೋಯಿತು, ಎಳೆದರೆ ರಕ್ತವೂ ಚೆನ್ನಾಗಿ ಬಂತು. ಎಲ್ಲ ಸರಿಯಾಗಿದೆ ಎಂದೇ ತೋರುತ್ತಿತ್ತು.

ಮೂರನೆಯ ಫಿಲ್ಮು ಬೇರೆ ಹೇಳಿತು. ಬಿಳಿಗೆರೆ ಭುಜದ ಕಡೆಯಿಂದ ಬಂದು, ಎದೆಗೆ ಇಳಿಯುವ ಬದಲು ಮೇಲಕ್ಕೆ ತಿರುಗಿ ಕುತ್ತಿಗೆಯನ್ನು ಹತ್ತಿತ್ತು. ಭುಜದಿಂದ ಬರುವ ರಕ್ತನಾಳವೂ ಕುತ್ತಿಗೆಯಿಂದ ಇಳಿಯುವ ರಕ್ತನಾಳವೂ ಕೂಡುವ ಜಾಗದಲ್ಲಿ ಲೈನು ತಪ್ಪು ತಿರುವು ತೆಗೆದುಕೊಂಡಿತ್ತು. ರಕ್ತನಾಳದೊಳಗೇ ಇದ್ದದ್ದರಿಂದ ರಕ್ತ ಬರುತ್ತಿತ್ತು. ಆದರೆ ಅಲ್ಲಿಂದ ಔಷಧ ಬಿಟ್ಟರೆ ಅದು ರಕ್ತದ ಹರಿವಿಗೆ ಎದುರಾಗಿ ತಲೆಯ ಕಡೆಗೆ ಚಿಮ್ಮುತ್ತದೆ. ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. ಆ ಲೈನಿಗೆ ಔಷಧ ಜೋಡಿಸಲಿಲ್ಲ. ಕೈಯ ರಕ್ತನಾಳದಲ್ಲೇ ಔಷಧ ಮುಂದುವರಿಸಿ, ಸೂಜಿ ಚುಚ್ಚಿದ ಜಾಗವನ್ನು ಗಳಿಗೆಗೊಮ್ಮೆ ನೋಡುತ್ತಾ, ತಂತಿಯ ಸಹಾಯದಿಂದ ಲೈನನ್ನು ಸರಿಯಾದ ದಾರಿಗೆ ಹೊರಳಿಸಿದರು.

ನಾಲ್ಕನೆಯ ಫಿಲ್ಮು: ಕಾಣದ ಗಾಳಿಯನ್ನು ಹುಡುಕುವುದು

ದಾರಿ ಬದಲಿಸಿದ ಮೇಲೆ ತೆಗೆದದ್ದು ನಾಲ್ಕನೆಯದು. ಈಗ ಲೈನು ಬಳುಕಿ ಕೆಳಗಿಳಿದು, ಕವಲಿಗಿಂತ ತುಸು ಕೆಳಗೆ ನಿಂತಿತ್ತು. ಆದರೆ ತುದಿ ಸರಿಯಿದ್ದ ಮಾತ್ರಕ್ಕೆ ಫಿಲ್ಮನ್ನು ಕೆಳಗಿಡುವಂತಿಲ್ಲ. ಕಾಲರ್ ಮೂಳೆಯ ಹಿಂದೆಯೇ ಶ್ವಾಸಕೋಶದ ನೆತ್ತಿಯಿದೆ. ಸೂಜಿ ತಗುಲಿದ್ದರೆ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಳ್ಳುತ್ತದೆ. ವೈದ್ಯರು ಇದನ್ನು ನ್ಯೂಮೊಥೊರ್ಯಾಕ್ಸ್ ಎನ್ನುತ್ತಾರೆ.

ನಿಂತವರಲ್ಲಿ ಈ ಗಾಳಿ ಎದೆಯ ಮೇಲ್ಭಾಗಕ್ಕೆ ಏರಿ ಸುಲಭವಾಗಿ ಕಾಣುತ್ತದೆ. ಮಲಗಿದವರಲ್ಲಿ ಗಾಳಿ ಎದೆಯ ಮುಂಭಾಗಕ್ಕೂ ಕೆಳಕ್ಕೂ ಹರಡುತ್ತದೆ. ಅದಕ್ಕೇ ಅನುಭವಿಗಳು ಫಿಲ್ಮಿನ ಕೆಳಮೂಲೆಯನ್ನು, ಪಕ್ಕೆಲುಬು ಮತ್ತು ವಪೆ ಕೂಡುವ ಕೋನವನ್ನು ನೋಡುತ್ತಾರೆ. ಒಂದು ಕಡೆಯ ಕೋನ ಇನ್ನೊಂದಕ್ಕಿಂತ ಆಳವಾಗಿ, ಹೆಚ್ಚು ಕಪ್ಪಾಗಿ ಕಂಡರೆ ಅಲ್ಲಿ ಗಾಳಿ ಸೇರಿದೆಯೆಂಬ ಅನುಮಾನ. ಮಂಜಣ್ಣನಲ್ಲಿ ಎರಡೂ ಕೋನಗಳು ಒಂದೇ ಸಮವಾಗಿದ್ದವು. ಇಂಥ ಸೋರಿಕೆ ಫಿಲ್ಮಿನಲ್ಲಿ ಕಾಣದೆ ಉಳಿಯುವುದೂ ಉಂಟಾದ್ದರಿಂದ ಅಲ್ಟ್ರಾಸೌಂಡಿನಲ್ಲೂ ನೋಡಿದರು. ಲೈನು ಇರುವುದು ಸಿರೆಯಲ್ಲೋ ಪಕ್ಕದ ಅಪಧಮನಿಯಲ್ಲೋ ಎಂಬುದನ್ನು ಕೂಡ ಎಕ್ಸ್-ರೇ ಯಾವಾಗಲೂ ಹೇಳಲಾರದು. ಅದನ್ನು ಲೈನಿನೊಳಗಿನ ಒತ್ತಡ ಅಳೆದು ಖಚಿತಪಡಿಸಿಕೊಂಡು ಔಷಧ ಆರಂಭಿಸಿದರು.

ನೀವು ಕೇಳಬಹುದಾದದ್ದು

ಹಿಂದೆಲ್ಲ ವೆಂಟಿಲೇಟರಿನ ಮೇಲಿರುವವರಿಗೆ ದಿನ ಬೆಳಗಾದರೆ ಒಂದು ಎಕ್ಸ್-ರೇ ತೆಗೆಯುವ ರೂಢಿ ಬಹಳ ಕಡೆ ಇತ್ತು. ಈಗ ಹೊಸ ನಳಿಕೆ ಹಾಕಿದಾಗ, ಇದ್ದದ್ದನ್ನು ಸರಿಸಿದಾಗ, ರೋಗಿಯ ಸ್ಥಿತಿ ಬದಲಾದಾಗ ತೆಗೆದರೆ ಸಾಕು ಎಂಬುದು ತಜ್ಞರ ಅಭಿಪ್ರಾಯ. ಒಂದು ಎದೆಯ ಎಕ್ಸ್-ರೇಯ ವಿಕಿರಣ ಬಹಳ ಕಡಿಮೆ. ಹೆಚ್ಚೆಂದರೆ ಸುಮಾರು ಹತ್ತು ದಿನಗಳಲ್ಲಿ ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ತಾನಾಗಿ ತಗುಲುವಷ್ಟು. “ಇವತ್ತಿನ ಎಕ್ಸ್-ರೇ ಯಾವ ನಳಿಕೆಯನ್ನು ನೋಡಲು?” ಎಂದು ನೀವು ಕೇಳಿದರೆ ವೈದ್ಯರು ಒಂದೇ ವಾಕ್ಯದಲ್ಲಿ ಉತ್ತರ ಕೊಡಬಲ್ಲರು.

ಇನ್ನೊಂದು ವಿನಂತಿ. ಬಾಯಲ್ಲಿ ನಳಿಕೆ ಇರುವವರ ತಲೆದಿಂಬನ್ನು ನೀವಾಗಿ ಏರಿಸಬೇಡಿ, ತಲೆಯನ್ನು ಹೊರಳಿಸಬೇಡಿ. ಹಾಸಿಗೆಯ ತಲೆಭಾಗವನ್ನು ಏರಿಸುವುದು ಬೇರೆ, ಕುತ್ತಿಗೆಯನ್ನು ಬಾಗಿಸುವುದು ಬೇರೆ. ಏನಾದರೂ ಸರಿಪಡಿಸಬೇಕೆನಿಸಿದರೆ ಸಿಸ್ಟರನ್ನು ಕರೆಯಿರಿ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಸಾಗಿಸುವಾಗ, “ಹಲ್ಲಿನ ಬಳಿ ಎಷ್ಟರ ಗುರುತಿದೆ?” ಎಂದು ಹೊರಡುವ ಮೊದಲು ಕೇಳಿ ಬರೆದಿಟ್ಟುಕೊಳ್ಳಿ.

ನಾಲ್ಕೂ ಫಿಲ್ಮುಗಳನ್ನು ಸಾಲಾಗಿ ಬೆಳಕಿನ ಪೆಟ್ಟಿಗೆಗೆ ಹಚ್ಚಿ ಇಷ್ಟನ್ನೂ ಹೇಳಿದಾಗ ರಂಗಪ್ಪ ಮೊದಲನೆಯದನ್ನೇ ನೋಡುತ್ತಾ ನಿಂತರು. “ಹಾಗಾದ್ರೆ ನನ್ನ ಕಂಬಳಿಯಿಂದ...” ಎಂದು ಮಾತು ನಿಲ್ಲಿಸಿದರು. ಕಂಬಳಿಯಿಂದ ಆದದ್ದು ಎರಡು ಸೆಂಟಿಮೀಟರ್, ನಾನು ನೋಡದೆ ಬಿಟ್ಟದ್ದರಿಂದ ನಾಲ್ಕು, ಆ ಎರಡನ್ನೂ ತಡೆಯಬೇಕಿದ್ದವನು ಜೊತೆಗಿದ್ದ ವೈದ್ಯನೇ ಎಂದೆ. ಅಂದಿನಿಂದ ನಾನು ಯಾವ ರೋಗಿಯ ಜೊತೆ ಆಂಬುಲೆನ್ಸ್ ಹತ್ತಿದರೂ ಹಲ್ಲಿನ ಬಳಿಯ ಅಂಕಿಯನ್ನು ಚೀಟಿಯಲ್ಲಿ ಬರೆದು ಕಿಸೆಗೆ ಹಾಕಿಕೊಳ್ಳುತ್ತೇನೆ. ಹದಿನೈದು ನಿಮಿಷಕ್ಕೊಮ್ಮೆ, ರೋಗಿಯನ್ನು ಎತ್ತಿಳಿಸಿದಾಗಲೆಲ್ಲ, ಚೀಟಿಯನ್ನೂ ನಳಿಕೆಯನ್ನೂ ತಾಳೆ ನೋಡುತ್ತೇನೆ.